ಹಬೆಯೋ ಹಿಂಡುವುದೋ: ನಿಂಬೆ ಸಿಪ್ಪೆ, ಮಲ್ಲಿಗೆ ಹೂವು ಮತ್ತು ಒಂದು ಹಳೆಯ ಜಗಳ

ಅಡುಗೆ ಎಣ್ಣೆಯ ಮಾತು ಬಂದರೆ ಈಗ ಎಲ್ಲರ ಬಾಯಲ್ಲೂ 'ಕೋಲ್ಡ್ ಪ್ರೆಸ್'. ಮರದ ಗಾಣ ತಿರುಗಿದರೆ ಎಣ್ಣೆ ಶುದ್ಧ, ಬಿಸಿ ತಾಗಿದರೆ ಕೆಟ್ಟಿತು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಶೇಂಗಾ, ಕೊಬ್ಬರಿಯ ಮಟ್ಟಿಗೆ ಅದರಲ್ಲಿ ಒಂದಷ್ಟು ಸತ್ಯವೂ ಇದೆ. ಆದರೆ ಅದೇ ನಂಬಿಕೆಯನ್ನು ಹೊತ್ತುಕೊಂಡು ಸುಗಂಧ ತೈಲದ ಕಡೆಗೆ ಬಂದವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. 'ಕೋಲ್ಡ್ ಪ್ರೆಸ್ ಮಲ್ಲಿಗೆ ಎಣ್ಣೆ' ಎಂದು ಬರೆದ ಸೀಸೆ ಕಂಡರೆ ಅದನ್ನು ಅಲ್ಲೇ ಇಟ್ಟು ಬರುವುದು ಒಳ್ಳೆಯದು. ಮಲ್ಲಿಗೆಯನ್ನು ಎಷ್ಟು ಹಿಂಡಿದರೂ ಕೈಗೆ ಬರುವುದು ಹಸಿರು ಮಿಶ್ರಿತ ನೀರು ಮತ್ತು ಲೋಳೆ.

ಶಿಕಾರಿಪುರ, ಸೊರಬದ ಕಡೆ ಅಡಿಕೆ ತೋಟದ ಬದುವಿನಲ್ಲಿ, ಹಿತ್ತಿಲಿನಲ್ಲಿ ಹೇರಳೆ, ಕಂಚಿ, ಮಾದಳ, ನಿಂಬೆಯ ಗಿಡಗಳಿರುತ್ತವೆ. ಉಪ್ಪಿನಕಾಯಿಗೆ ಬೇಕಾದಷ್ಟು ಕಿತ್ತು ಉಳಿದದ್ದು ಉದುರಿ ಕೊಳೆಯುತ್ತದೆ. ಸಂಪಿಗೆ, ಮಲ್ಲಿಗೆ, ಸುರಗಿ, ಹಳ್ಳದ ದಂಡೆಯ ಕೇದಗೆಯೂ ಮಲೆನಾಡಿಗೆ ಹೊಸದಲ್ಲ. ಇವುಗಳಿಂದ ಎಣ್ಣೆ ತೆಗೆಯಬಹುದೇ, ತೆಗೆದರೆ ಹೇಗೆ ಎಂಬ ಪ್ರಶ್ನೆ ಬಂದಾಗ ಎರಡು ಪಕ್ಷ ಎದುರುಬದುರಾಗುತ್ತವೆ. ಒಂದು, ಹಬೆ ಹಾಯಿಸಿ ಬಟ್ಟಿ ಇಳಿಸಬೇಕು ಎನ್ನುವವರದು. ಇನ್ನೊಂದು, ತಣ್ಣಗೆ ಹಿಂಡಬೇಕು ಎನ್ನುವವರದು. ಈ ಜಗಳದ ಮೂಲ ಇರುವುದು ಬಿಸಿ-ತಂಪಿನಲ್ಲಲ್ಲ. ಗಿಡ ತನ್ನ ಎಣ್ಣೆಯನ್ನು ಎಲ್ಲಿ, ಎಷ್ಟು ಇಟ್ಟುಕೊಂಡಿದೆ ಎಂಬಲ್ಲಿ ಎಂಬುದು ಈ ಲೇಖನದ ಹಿಂದಿರುವ ಅಭಿಪ್ರಾಯ.

ಎಣ್ಣೆ ಇರುವ ಜಾಗ

ನಿಂಬೆ ಸಿಪ್ಪೆಯ ತುಂಡನ್ನು ದೀಪದ ಹತ್ತಿರ ಹಿಡಿದು ಮಡಚಿದರೆ ಚುರುಚುರು ಎಂದು ಕಿಡಿ ಹಾರುತ್ತದೆ. ಮಕ್ಕಳಾಗಿದ್ದಾಗ ಈ ಆಟ ಆಡದವರು ಕಡಿಮೆ. ಸಿಪ್ಪೆಯ ಹೊರಪದರದಲ್ಲಿ ಬರಿಗಣ್ಣಿಗೇ ಕಾಣುವ ಚುಕ್ಕಿಗಳಿವೆಯಲ್ಲ, ಒಂದೊಂದೂ ಎಣ್ಣೆ ತುಂಬಿದ ಚೀಲ. ಮಡಚಿದಾಗ ಚೀಲ ಒಡೆದು ಎಣ್ಣೆ ಸಣ್ಣ ಹನಿಗಳಾಗಿ ಚಿಮ್ಮುತ್ತದೆ, ಬೆಂಕಿ ಹತ್ತುತ್ತದೆ. ಹಿಂಡುವ ವಿಧಾನದ ಒಟ್ಟು ತತ್ವ ಇಷ್ಟೇ. ಯಂತ್ರ ಎಷ್ಟೇ ದೊಡ್ಡದಿರಲಿ, ಅದು ಮಾಡುವುದು ಆ ಚೀಲಗಳನ್ನು ಒಡೆದು ಚಿಮ್ಮಿದ್ದನ್ನು ಹಿಡಿಯುವ ಕೆಲಸ.

ಹೆಚ್ಚಿನ ಹೂವುಗಳಲ್ಲಿ ಇಂಥ ಚೀಲಗಳಿಲ್ಲ. ಗುಲಾಬಿ, ಮಲ್ಲಿಗೆಯ ಎಸಳಿನ ಮೇಲ್ಪದರದ ಜೀವಕೋಶಗಳು ಪರಿಮಳವನ್ನು ತಯಾರಿಸುತ್ತಾ ಹೋದಂತೆ ಅದು ಗಾಳಿಗೆ ಸೇರುತ್ತಾ ಹೋಗುತ್ತದೆ. ಕೂಡಿಟ್ಟ ದಾಸ್ತಾನು ಬಹಳ ಕಡಿಮೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರೂವರೆಯಿಂದ ನಾಲ್ಕು ಸಾವಿರ ಕಿಲೋ ಹೂವು ಬೇಕು. ಸಿಟ್ರಸ್ ಹಣ್ಣಿನಲ್ಲಾದರೆ ಸಾವಿರ ಕಿಲೋ ಹಣ್ಣಿಗೆ ಎರಡರಿಂದ ನಾಲ್ಕು ಕಿಲೋ ಎಣ್ಣೆ ಸಿಗುತ್ತದೆ. ಹತ್ತು ಪಟ್ಟಿನ ಈ ಅಂತರವೇ ಹಿಂಡುವುದನ್ನು ಸಿಟ್ರಸ್‌ಗೆ ಮಾತ್ರ ಸೀಮಿತಗೊಳಿಸಿದೆ. ಸುಗಂಧ ದ್ರವ್ಯಗಳ ಪರಿಭಾಷೆಯನ್ನು ನಿಗದಿ ಮಾಡುವ ಅಂತರರಾಷ್ಟ್ರೀಯ ಮಾನಕ ISO 9235 ಕೂಡ ಹಾಗೇ ಹೇಳುತ್ತದೆ: ಬಟ್ಟಿ ಇಳಿಸಿದ್ದು ಅಥವಾ ಸಿಟ್ರಸ್ ಹಣ್ಣಿನ ಹೊರಸಿಪ್ಪೆಯಿಂದ ಯಾಂತ್ರಿಕವಾಗಿ ತೆಗೆದದ್ದು, ಇವೆರಡು ಮಾತ್ರ ಸುಗಂಧ ತೈಲ.

ಗಂಧದ ನಾಡಿನ ಹಬೆ

ಈ ಸೀಮೆಯಲ್ಲಿ ಹಬೆಯ ಪಕ್ಷ ಬಲವಾಗಿರುವುದಕ್ಕೆ ಕಾರಣ ಶ್ರೀಗಂಧ. ಸೊರಬ, ಸಾಗರದ ಗುಡಿಗಾರರು ತಲೆಮಾರುಗಳಿಂದ ಗಂಧದ ಕೊರಡಿನಲ್ಲಿ ಕೆತ್ತನೆ ಮಾಡಿದವರು. ಅವರ ಉಳಿಯಿಂದ ಉದುರುವ ಚೂರು, ಪುಡಿಯನ್ನು ಯಾರೂ ಕಸವೆಂದು ಗುಡಿಸಿ ಹಾಕುವುದಿಲ್ಲ, ಅದರಲ್ಲೂ ಎಣ್ಣೆ ಇದೆ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಕಳಿಸುವ ದಾರಿ ಕಟ್ಟಾದಾಗ ಮೈಸೂರು ಸಂಸ್ಥಾನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ತಾನೇ ಎಣ್ಣೆ ತೆಗೆಯಲು 1916ರಲ್ಲಿ ಮುಂದಾಯಿತು. ಮೈಸೂರಿನ ಕಾರ್ಖಾನೆಯ ನಂತರ 1944ರಲ್ಲಿ ಶಿವಮೊಗ್ಗಕ್ಕೂ ಗಂಧದ ಎಣ್ಣೆ ಕಾರ್ಖಾನೆ ಬಂತು. ಹಾಗಾಗಿ ಇಲ್ಲಿನವರಿಗೆ ಸುಗಂಧ ತೈಲವೆಂದರೆ ಹಬೆ, ಕೊಳವೆ, ತಣ್ಣೀರಿನ ತೊಟ್ಟಿ ಇವೇ ಕಣ್ಣ ಮುಂದೆ ಬರುತ್ತವೆ.

ಗಂಧಕ್ಕೆ ಹಬೆ ಹೇಳಿ ಮಾಡಿಸಿದ ದಾರಿ. ಎಣ್ಣೆ ಮರದ ಚೇಗಿನೊಳಗೆ ಅಡಗಿದೆ, ಹಿಂಡಿ ತೆಗೆಯಲು ಬಾರದು. ಅದರ ಮುಖ್ಯ ಅಂಶವಾದ ಸ್ಯಾಂಟಲಾಲ್ ಒಂಟಿಯಾಗಿ ಕುದಿಯಬೇಕಾದರೆ 300 ಡಿಗ್ರಿಯ ಆಸುಪಾಸು ಬೇಕು. ಆದರೆ ನೀರು ಮತ್ತು ಎಣ್ಣೆ ಒಂದರಲ್ಲೊಂದು ಬೆರೆಯದೆ ಇರುವುದರಿಂದ ಎರಡರ ಆವಿಯ ಒತ್ತಡವೂ ಕೂಡಿಕೊಳ್ಳುತ್ತದೆ. ಆದ್ದರಿಂದ 100 ಡಿಗ್ರಿಯ ಒಳಗೇ ಎಣ್ಣೆ ಹಬೆಯ ಜೊತೆ ಸ್ವಲ್ಪಸ್ವಲ್ಪವಾಗಿ ಹೊರಟುಬರುತ್ತದೆ. ಒಂದು ಸಲದ ಬಟ್ಟಿಗೆ ಎರಡು ದಿನ ಹಿಡಿದರೂ ಗಂಧದ ಎಣ್ಣೆ ಜಗ್ಗುವುದಿಲ್ಲ. ತೊಂದರೆ ಆಗುವುದು ಈ ಗಂಧದ ಪಾಠವನ್ನೇ ನಿಂಬೆಗೂ ಮಲ್ಲಿಗೆಗೂ ಹಚ್ಚಿದಾಗ.

ಹಿಂಡುವವರ ವಾದ

ತಣ್ಣಗೆ ಹಿಂಡುವ ಕೈಕಸುಬು ಮೆಡಿಟರೇನಿಯನ್ ತೀರದ್ದು. ಸಿಸಿಲಿಯಲ್ಲಿ ಹಣ್ಣನ್ನು ಎರಡು ಹೋಳು ಮಾಡಿ, ತಿರುಳು ತೆಗೆದು, ನೆನೆಸಿದ ಸಿಪ್ಪೆಯನ್ನು ಸ್ಪಂಜಿಗೆ ಒತ್ತಿ ತಿರುವುತ್ತಿದ್ದರು. ಸ್ಪಂಜು ಎಣ್ಣೆ ಕುಡಿಯುತ್ತಿತ್ತು, ಆಮೇಲೆ ಅದನ್ನು ಬೋಗುಣಿಗೆ ಹಿಂಡುವುದು. ಫ್ರಾನ್ಸಿನ ದಕ್ಷಿಣದಲ್ಲಿ ಒಳಗೆಲ್ಲ ಮೊಳೆ ಎದ್ದಿರುವ ತಾಮ್ರದ ಬಟ್ಟಲಿನಲ್ಲಿ ಇಡೀ ಹಣ್ಣನ್ನು ಉರುಳಿಸುತ್ತಿದ್ದರು, ಎಣ್ಣೆ ಬಟ್ಟಲ ತಳದ ಕೊಳವೆಗೆ ಇಳಿಯುತ್ತಿತ್ತು. ಈಗಿನ ಯಂತ್ರಗಳು ಸಿಪ್ಪೆಯನ್ನು ಕೆರೆಯುತ್ತಾ ಮೇಲಿಂದ ನೀರು ಚಿಮುಕಿಸುತ್ತವೆ. ಮಜ್ಜಿಗೆಯಂತಹ ಮಿಶ್ರಣ ಬರುತ್ತದೆ. ಅದನ್ನು ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ಗೆ ಹಾಕಿ ನೀರು, ಚರಟ, ಎಣ್ಣೆಯನ್ನು ಬೇರೆ ಮಾಡುತ್ತಾರೆ.

ಈ ಪಕ್ಷದ ಮುಖ್ಯ ವಾದವನ್ನು ಮೂಗೇ ಒಪ್ಪಿಕೊಳ್ಳುತ್ತದೆ. ಹಿಂಡಿದ ಎಣ್ಣೆಗೆ ಆಗತಾನೇ ಸುಲಿದ ಹಣ್ಣಿನ ವಾಸನೆ ಇರುತ್ತದೆ. ನಿಂಬೆಯ ನಿಂಬೆತನಕ್ಕೆ ಕಾರಣವಾದ ಸಿಟ್ರಾಲ್ ಹಾಗೇ ಉಳಿಯುತ್ತದೆ. ಹಬೆಯಲ್ಲಿ ಒಡೆದುಹೋಗುವ ಎಸ್ಟರುಗಳೂ ಉಳಿಯುತ್ತವೆ. ಜೊತೆಗೆ ಆವಿಯಾಗದ ಮೇಣ, ಬಣ್ಣ, ಕೂಮರಿನ್ ವರ್ಗದ ವಸ್ತುಗಳೂ ಬರುತ್ತವೆ. ಪರಿಮಳ ಬೇಗ ಹಾರಿಹೋಗದಂತೆ ಇವು ಹಿಡಿದಿಡುತ್ತವೆ. ಎರಡನ್ನೂ ಗುರುತಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬಿಳಿ ಕಾಗದದ ಮೇಲೆ ಒಂದೊಂದು ಹನಿ ಬಿಟ್ಟು ಮರುದಿನ ನೋಡಿದರೆ, ಬಟ್ಟಿ ಇಳಿಸಿದ್ದು ಕಲೆಯಿಲ್ಲದೆ ಹಾರಿಹೋಗಿರುತ್ತದೆ, ಹಿಂಡಿದ್ದು ಮಾಸಲು ಹಳದಿ ಉಂಗುರ ಬಿಟ್ಟಿರುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಹಿಂಡಿದ ಎಣ್ಣೆ ನೀಲಿಯಾಗಿ ಹೊಳೆಯುತ್ತದೆ, ಅದು ಕೂಮರಿನ್‌ಗಳ ಗುರುತು.

ಆದರೆ ಈ ವಾದ ನಿಲ್ಲುವುದು ಹಣ್ಣು ಹದವಾಗಿದ್ದರೆ ಮಾತ್ರ. ಬಾಡಿದ ಸಿಪ್ಪೆಯ ಚೀಲ ಒಡೆಯುವ ಬದಲು ನಜ್ಜಾಗುತ್ತದೆ. ತೀರಾ ಹಣ್ಣಾಗಿ ಮೆತ್ತಗಾದರೆ ಸಿಪ್ಪೆಯೊಳಗಿನ ಬಿಳಿ ತಿರುಳು ಚಿಮ್ಮಿದ ಎಣ್ಣೆಯನ್ನು ತಾನೇ ಹೀರಿಕೊಳ್ಳುತ್ತದೆ. ದಪ್ಪ ಬಿಳಿಪದರದ ಮಾದಳದಂಥ ಹಣ್ಣಿನಲ್ಲಿ ಈ ನಷ್ಟದ ಭಯ ಇನ್ನೂ ಹೆಚ್ಚು. ಮಲೆನಾಡಿನ ಮಳೆಯದ್ದು ಬೇರೆಯೇ ಕಾಟ. ಮಳೆ ಅಥವಾ ಇಬ್ಬನಿಯಲ್ಲಿ ಚೀಲಗಳು ನೀರು ಕುಡಿದು ಬಿಗಿಯಾಗಿರುವಾಗ ಹಣ್ಣು ಕಿತ್ತರೆ, ಬುಟ್ಟಿಯಲ್ಲಿ ಒಂದಕ್ಕೊಂದು ತಾಗಿದ ಪೆಟ್ಟಿಗೇ ಅವು ಒಡೆಯುತ್ತವೆ. ಎಣ್ಣೆ ಪಕ್ಕದ ಜೀವಕೋಶಗಳನ್ನು ಸುಟ್ಟು ಸಿಪ್ಪೆಯ ಮೇಲೆ ಕಂದು ಮಚ್ಚೆ ಏಳುತ್ತದೆ. ಹೊಳೆಹೊಳೆವ ಹಣ್ಣು ಎರಡು ದಿನದಲ್ಲಿ ಕಲೆಗಟ್ಟಿದರೆ ರೋಗವೆಂದು ಔಷಧಿ ಹೊಡೆಯುವ ಮೊದಲು, ಕಿತ್ತದ್ದು ಯಾವ ಹೊತ್ತಿನಲ್ಲಿ ಎಂದು ನೆನಪಿಸಿಕೊಳ್ಳಬೇಕು. ಬಿಸಿಲೇರಿ ಸಿಪ್ಪೆ ಒಣಗಿದ ಮೇಲೆ ಕೀಳುವುದೇ ಇದಕ್ಕೆ ಪರಿಹಾರ.

ನೂರು ಕಿಲೋ ನಿಂಬೆಯ ಲೆಕ್ಕ

ಎರಡೂ ಪಕ್ಷಗಳ ಬಲಾಬಲ ಸ್ಪಷ್ಟವಾಗಿ ಕಾಣುವುದು ನಮ್ಮ ಕಾಗ್ದಿ ನಿಂಬೆಯಲ್ಲಿ. ವಿಜಯಪುರ ಜಿಲ್ಲೆಯ ಇಂಡಿಯ ಸುತ್ತ ಹೊಲಹೊಲವಾಗಿ ಬೆಳೆಯುವ, ನಮ್ಮ ಹಿತ್ತಿಲಿನಲ್ಲಿ ಒಂದೆರಡು ಗಿಡ ಇರುವ ಈ ತೆಳುಸಿಪ್ಪೆಯ ಹಣ್ಣೇ ಮೆಕ್ಸಿಕೊ ಮತ್ತು ವೆಸ್ಟ್ ಇಂಡೀಸ್‌ನಲ್ಲಿ ಲೈಮ್ ಎಣ್ಣೆಗೆ ಮೂಲ.

ಒಬ್ಬ ರೈತನ ಮನೆಗೆ ನೂರು ಕಿಲೋ ನಿಂಬೆ ಬಂತೆಂದುಕೊಳ್ಳೋಣ. ಅದರಲ್ಲಿರುವ ಎಣ್ಣೆ ಹೆಚ್ಚೆಂದರೆ 200ರಿಂದ 400 ಗ್ರಾಂ. ಕೈಯಿಂದ ಕೆರೆದು ಹಿಂಡಿದರೆ ಎಣ್ಣೆ ನೀರು, ಸಿಪ್ಪೆಯ ಪೆಕ್ಟಿನ್ ಜೊತೆ ಸೇರಿ ಬೆಳ್ಳಗೆ ಕದಡಿದಂತಾಗುತ್ತದೆ. ಪೆಕ್ಟಿನ್ ಇರುವುದರಿಂದ ಅದು ತಾನಾಗಿ ಬೇಗ ಒಡೆಯುವುದಿಲ್ಲ. ಹಾಗೇ ಬಿಟ್ಟರೆ ಎಣ್ಣೆ ತಿಳಿಯಾಗುವ ಮೊದಲೇ ಹುಳಿ ಹಿಡಿಯುತ್ತದೆ. ಸೆಂಟ್ರಿಫ್ಯೂಜ್ ಇಲ್ಲದವನಿಗೆ ಇದ್ದ ಎಣ್ಣೆಯಲ್ಲಿ ಅರ್ಧ ದಕ್ಕಿದರೆ ಪುಣ್ಯ. ದಕ್ಕಿದ್ದನ್ನೂ ತಣ್ಣಗಿನ ಜಾಗದಲ್ಲಿ ಕೆಲವು ವಾರ ಇಟ್ಟು, ತಳಕ್ಕೆ ಕೂರುವ ಮೇಣವನ್ನು ಬಿಟ್ಟು ಮೇಲಿನದನ್ನು ಬಸಿಯಬೇಕು.

ಅದೇ ನೂರು ಕಿಲೋವನ್ನು ಬಟ್ಟಿಗೆ ಹಾಕುವುದರಲ್ಲಿ ಎರಡು ದಾರಿ ಇವೆ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಚರ್ಚೆಯಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ. ಮೊದಲನೆಯದರಲ್ಲಿ ಇಡೀ ಹಣ್ಣನ್ನು ಜಜ್ಜಿ ರಸದ ಸಮೇತ ಕುದಿಸುತ್ತಾರೆ. ನಿಂಬೆ ರಸದ ಹುಳಿ ಬಲವಾದದ್ದು. ಹುಳಿ ಮತ್ತು ಕುದಿಯುವ ನೀರು ಸೇರಿ ಎಣ್ಣೆಯ ಮೇಲೆ ಗಂಟೆಗಟ್ಟಲೆ ಕೆಲಸ ಮಾಡುತ್ತವೆ: ಪೈನೀನ್, ಲಿಮೋನೀನ್‌ಗಳಲ್ಲಿ ಒಂದು ಭಾಗ ನೀರನ್ನು ಸೇರಿಸಿಕೊಂಡು ಟರ್ಪಿನಿಯಾಲ್ ಆಗುತ್ತದೆ, ಇನ್ನೊಂದಷ್ಟು ಸಿನಿಯೋಲ್ ಆಗುತ್ತದೆ, ಸಿಟ್ರಾಲ್ ಬಹುಮಟ್ಟಿಗೆ ಹಾಳಾಗುತ್ತದೆ. ಸೀಸೆಗೆ ಇಳಿಯುವುದು ಹಣ್ಣಿನಲ್ಲಿದ್ದ ಎಣ್ಣೆಯಲ್ಲ, ಪಾತ್ರೆಯಲ್ಲಿ ಹುಟ್ಟಿದ ಎಣ್ಣೆ. ಮೂಸಿದರೆ ತಾಜಾ ನಿಂಬೆಗಿಂತ ಹೆಚ್ಚಾಗಿ ಕೋಲಾದ ನೆನಪಾಗುತ್ತದೆ. ಅದು ಆಕಸ್ಮಿಕವಲ್ಲ. ಕೋಲಾ ಪಾನೀಯಗಳಲ್ಲಿ ನಿಂಬೆಯ ಛಾಯೆ ಕೊಡುವುದು ಬಟ್ಟಿ ಇಳಿಸಿದ ಈ ಲೈಮ್ ಎಣ್ಣೆಯೇ. ಶುದ್ಧತಾವಾದಿಗಳು 'ಹಾಳಾಗಿದೆ' ಎನ್ನುವ ಎಣ್ಣೆಗೆ ತಂಪು ಪಾನೀಯದ ಉದ್ಯಮ ತಾನಾಗಿ ಗಿರಾಕಿಯಾಗಿದೆ.

ಎರಡನೆಯ ದಾರಿಯಲ್ಲಿ ರಸ ಹಿಂಡಿ ಬೇರೆ ತೆಗೆದು, ಸಿಪ್ಪೆಯನ್ನು ಮಾತ್ರ ತೂತಿನ ತಟ್ಟೆಯ ಮೇಲೆ ಹರಡಿ ಕೆಳಗಿನಿಂದ ಹಬೆ ಬಿಡುತ್ತಾರೆ. ಹುಳಿ ಕಡಿಮೆ, ಹೊತ್ತೂ ಕಡಿಮೆ, ಎಣ್ಣೆಯ ರೂಪಾಂತರವೂ ಕಡಿಮೆ. ಎಣ್ಣೆಯ ದೊಡ್ಡ ಪಾಲು ಮೊದಲ ಗಂಟೆಯಲ್ಲೇ ಬಂದುಬಿಡುತ್ತದೆ. ಆಮೇಲೆ ಬೆಂಕಿ ಹಾಕುವುದು ಸೌದೆಗೆ ದಂಡ. ಸಿಪ್ಪೆಯನ್ನು ನೀರಿನಲ್ಲೇ ಮುಳುಗಿಸಿ ಕುದಿಸುವ ತಪ್ಪನ್ನು ಮಾತ್ರ ಮಾಡಬಾರದು: ಪೆಕ್ಟಿನ್ ನೊರೆ ಉಕ್ಕಿ ಕೊಳವೆಗೆ ಏರುತ್ತದೆ, ತಳ ಹಿಡಿಯುತ್ತದೆ, ಎಣ್ಣೆಗೆ ಸೀದ ಬೆಲ್ಲದ ವಾಸನೆ ಕೂರುತ್ತದೆ. ಆ ವಾಸನೆ ಮೂಗಿಗೆ ಬಿದ್ದರೆ ಆ ಸಲದ ಬಟ್ಟಿ ಕೆಟ್ಟಿತೆಂದೇ ಲೆಕ್ಕ, ಮತ್ತೆ ಬಟ್ಟಿ ಇಳಿಸಿದರೂ ಪೂರ್ತಿ ಹೋಗುವುದಿಲ್ಲ.

ಬಟ್ಟಿಯವರ ಕೈಯಲ್ಲಿ ಇನ್ನೊಂದು ಗಟ್ಟಿ ವಾದವಿದೆ, ಚರ್ಮದ್ದು. ಉಪ್ಪಿನಕಾಯಿಗೆ ನಿಂಬೆ ಹೆಚ್ಚಿ ಕೈ ತೊಳೆಯದೆ ಬಿಸಿಲಿಗೆ ಹೋದವರ ಬೆರಳ ಸಂದಿಯಲ್ಲಿ ಕಪ್ಪು ಪಟ್ಟೆ ಬಂದು ವಾರಗಟ್ಟಲೆ ಉಳಿಯುವುದುಂಟು. ಸಿಪ್ಪೆಯಲ್ಲಿರುವ ಬರ್ಗಾಪ್ಟೆನ್‌ನಂಥ ವಸ್ತುಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುವುದೇ ಇದಕ್ಕೆ ಕಾರಣ. ಇವು ಆವಿಯಾಗಿ ಏಳುವಂಥವಲ್ಲ. ಹಾಗಾಗಿ ಹಿಂಡಿದ ಎಣ್ಣೆಯಲ್ಲಿ ಇರುತ್ತವೆ, ಬಟ್ಟಿಯದರಲ್ಲಿ ಇರುವುದಿಲ್ಲ. ಅಂತರರಾಷ್ಟ್ರೀಯ ಸುಗಂಧ ಸಂಘಟನೆಯಾದ IFRA, ಮೈಮೇಲೆ ಉಳಿಯುವ ವಸ್ತುಗಳಲ್ಲಿ ಹಿಂಡಿದ ಲೈಮ್ ಎಣ್ಣೆ ಶೇಕಡಾ 0.7ನ್ನು ಮೀರಬಾರದು ಎಂದು ಮಿತಿ ಹಾಕಿರುವುದು ಇದೇ ಕಾರಣಕ್ಕೆ. ಬಟ್ಟಿ ಇಳಿಸಿದ್ದಕ್ಕೆ ಈ ಮಿತಿ ಇಲ್ಲ. ಮೈಗೆ ಹಚ್ಚುವ ಎಣ್ಣೆಗೆ 'ತಣ್ಣಗೆ ಹಿಂಡಿದ್ದು, ಆದ್ದರಿಂದ ಸೌಮ್ಯ' ಎಂದು ಜಾಹೀರಾತು ಬರೆಯುವವರು ಇದನ್ನೊಮ್ಮೆ ಓದಿದರೆ ಒಳ್ಳೆಯದು.

ಇಷ್ಟನ್ನೂ ತೂಗಿ ನೋಡಿದರೆ, ಸೊರಬದ ಹಿತ್ತಿಲಿನ ಪ್ರಮಾಣಕ್ಕೆ ಸಿಪ್ಪೆಯನ್ನು ಮಾತ್ರ ಹಬೆಗೆ ಇಡುವುದೇ ಸರಿ ಎನ್ನಿಸುತ್ತದೆ. ಹಿಂಡುವುದು ದೊಡ್ಡ ರಸದ ಕಾರ್ಖಾನೆಯ ಪಕ್ಕದಲ್ಲಿ ಶೋಭಿಸುವ ಕಸುಬು.

ಹೂವಿನ ಮುಂದೆ

ಹೂವಿಗೆ ಬಂದರೆ ಹಿಂಡುವ ಮಾತೇ ಇಲ್ಲ ಎಂದಾಯಿತು. ಹಬೆಯಾದರೂ ಎಲ್ಲ ಹೂವಿಗೂ ಸಲ್ಲುತ್ತದೆಯೇ ಎಂದರೆ ಅದೂ ಇಲ್ಲ.

ಗುಲಾಬಿ ಹಬೆಗೆ ಒಗ್ಗುತ್ತದೆ, ಆದರೂ ಒಂದು ಬೆಲೆ ತೆರುತ್ತದೆ. ಅದರ ಪರಿಮಳದ ದೊಡ್ಡ ಪಾಲಾದ ಫಿನೈಲ್ ಎಥೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುವುದರಿಂದ ಎಣ್ಣೆಯಲ್ಲಿ ಕಡಿಮೆಯಾಗಿ ಪನ್ನೀರಿನಲ್ಲಿ ಸೇರುತ್ತದೆ. ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರಿನಲ್ಲಿ ಗುಲಾಬಿ ಅಷ್ಟು ಚೆನ್ನಾಗಿ ಸಿಗುವುದೂ ಇದರಿಂದಲೇ. ಒಡಿಶಾದ ಗಂಜಾಂನಲ್ಲಿ ಕೇದಗೆಯ ಗಂಡು ಹೂವನ್ನು ಬಟ್ಟಿ ಇಳಿಸುತ್ತಾರೆ. ಉತ್ತರಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಿಂದ ಬಿದಿರ ಕೊಳವೆಯ ಮೂಲಕ ಹೊರಬರುವ ಆವಿಯನ್ನು ಇನ್ನೊಂದು ಪಾತ್ರೆಯಲ್ಲಿರುವ ಗಂಧದ ಎಣ್ಣೆಗೆ ಇಳಿಸುವುದು ಅತ್ತರಿನ ಕ್ರಮ. ಅಲ್ಲಿ ಹೂವು ಉತ್ತರದ್ದು, ಅದನ್ನು ಹಿಡಿದಿಡುವ ಗಂಧದ ಎಣ್ಣೆ ದಕ್ಷಿಣದ್ದು.

ಸಿಟ್ರಸ್ ಗಿಡದ್ದೇ ಹೂವು ಇಲ್ಲಿ ಒಳ್ಳೆಯ ಉದಾಹರಣೆ. ಕಹಿ ಕಿತ್ತಳೆ ಗಿಡದ ಸಿಪ್ಪೆಯನ್ನು ಹಿಂಡಿದರೆ ಒಂದು ಎಣ್ಣೆ, ಎಲೆ-ಎಳೆಕಡ್ಡಿಗಳನ್ನು ಬಟ್ಟಿ ಇಳಿಸಿದರೆ ಪೆಟಿಗ್ರೇನ್ ಎಂಬ ಇನ್ನೊಂದು, ಹೂವನ್ನು ಬಟ್ಟಿ ಇಳಿಸಿದರೆ ನೆರೋಲಿ. ಅದೇ ಹೂವನ್ನು ದ್ರಾವಕದಲ್ಲಿ ನೆನೆಸಿ ತೆಗೆದರೆ ನಾಲ್ಕನೆಯದು. ಗಿಡದ ಮೇಲಿರುವ ಹೂವಿನ ವಾಸನೆಗೆ ಈ ನಾಲ್ಕನೆಯದೇ ಹತ್ತಿರ. ಒಂದೇ ಗಿಡ, ಒಂದೇ ತೋಟ, ನಾಲ್ಕು ಸರಕು. ವಿಧಾನ ಬದಲಾದರೆ ಅದೇ ಎಣ್ಣೆ ಬೇರೆ ದರ್ಜೆಯದಾಗುತ್ತದೆ ಎನ್ನುವುದಕ್ಕಿಂತ, ಬೇರೆ ಎಣ್ಣೆಯೇ ಆಗುತ್ತದೆ ಎನ್ನುವುದು ಸರಿ.

ಮಲ್ಲಿಗೆ ಮಾತ್ರ ಹಬೆಗೆ ಬಗ್ಗದು. ಬಿಸಿ ತಾಗಿದ ಕೂಡಲೇ ಹೂವು ಸಾಯುತ್ತದೆ, ಬೆಂದ ಸೊಪ್ಪಿನ ವಾಸನೆ ಬೆರೆಯುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಂಜೆ ಬಿರಿಯುವ ಮಲ್ಲಿಗೆ ಕಿತ್ತ ಮೇಲೂ ಇಡೀ ರಾತ್ರಿ ಪರಿಮಳವನ್ನು ಹೊಸದಾಗಿ ಹುಟ್ಟಿಸುತ್ತಲೇ ಇರುತ್ತದೆ. ಬೇಯಿಸಿದರೆ ಕೈಗೆ ಸಿಗುವುದು ಆ ಕ್ಷಣದಲ್ಲಿ ಇದ್ದದ್ದು ಮಾತ್ರ, ಮುಂದೆ ಹುಟ್ಟಬೇಕಾಗಿದ್ದದ್ದು ನಷ್ಟ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹೆಸ್ಸೆ 20ನೆಯ ಶತಮಾನದ ಆರಂಭದಲ್ಲಿ ಮಲ್ಲಿಗೆಯನ್ನು ದ್ರಾವಕದಲ್ಲಿಟ್ಟೂ ಕೊಬ್ಬಿನ ಮೇಲೆ ಹಾಸಿಯೂ ಹೋಲಿಸಿ, ಕೊಬ್ಬಿನ ಮೇಲೆ ಬದುಕಿದ್ದ ಹೂವು ಹಲವು ಪಟ್ಟು ಹೆಚ್ಚು ಎಣ್ಣೆ ಕೊಟ್ಟದ್ದನ್ನು ತೋರಿಸಿದ. ಈಗ ಉದ್ಯಮ ಹಿಡಿದಿರುವುದು ಹೆಕ್ಸೇನ್ ದ್ರಾವಕದ ದಾರಿ. ಸುಮಾರು ನಾನೂರು ಕಿಲೋ ಮಲ್ಲಿಗೆಗೆ ಒಂದು ಕಿಲೋ ಮೇಣದಂಥ 'ಕಾಂಕ್ರೀಟ್', ಅದನ್ನು ಆಲ್ಕೋಹಾಲಿನಲ್ಲಿ ತೊಳೆದರೆ ಅದರರ್ಧದಷ್ಟು 'ಆಬ್ಸಲ್ಯೂಟ್'. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಶೃಂಗಾರ್, ಪ್ರಜ್ವಲ್‌ನಂಥ ಒಂಟಿ ಎಸಳಿನ ಸುಗಂಧರಾಜ ತಳಿಗಳಿಂದಲೂ ಕಾಂಕ್ರೀಟ್ ತೆಗೆಯುವುದು ಹೀಗೆಯೇ.

ಹೀಗೆ ಬಟ್ಟಿಯೂ ಹಿಂಡುವಿಕೆಯೂ ಸೋತ ಜಾಗದಲ್ಲಿ ನಮ್ಮದೇ ಒಂದು ಮೂರನೆಯ ದಾರಿ ಇತ್ತು. ಬಳ್ಳಿಗಾವಿ ಇಂದು ಶಿಕಾರಿಪುರ ತಾಲೂಕಿನ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅದು ಬನವಾಸಿ ನಾಡಿನ ದೊಡ್ಡ ಪಟ್ಟಣ. ಆ ಚಾಲುಕ್ಯರ ಆಶ್ರಯದಲ್ಲೇ 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ಕನ್ನಡದ 'ಲೋಕೋಪಕಾರ' ಸುಗಂಧಗಳ ತಯಾರಿಗೂ ಜಾಗ ಕೊಟ್ಟಿದೆ. ನೂರು ವರ್ಷದ ನಂತರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಅರಸನ ಅಭ್ಯಂಗಕ್ಕೆಂದು ಹೂವಿನ ವಾಸನೆ ಹಿಡಿಸಿದ ಎಳ್ಳೆಣ್ಣೆಯನ್ನು ಹೇಳುತ್ತದೆ. ವಿಧಾನ ಸರಳ: ಎಳ್ಳಿನ ಮೇಲೆ ಹೂವು, ಹೂವಿನ ಮೇಲೆ ಎಳ್ಳು ಪದರಪದರವಾಗಿ ಹಾಸುವುದು, ಬಾಡಿದ ಹೂವು ತೆಗೆದು ಹೊಸದು ಹಾಕುವುದು, ಎಳ್ಳು ಪರಿಮಳ ಕುಡಿದ ಮೇಲೆ ಗಾಣಕ್ಕೆ ಹಾಕುವುದು. ಹೂವು ಬದುಕಿರುವಷ್ಟು ಹೊತ್ತೂ ಎಳ್ಳಿನ ಜಿಡ್ಡು ಅದರ ಉಸಿರನ್ನು ಹಿಡಿಯುತ್ತದೆ. ಹೆಸ್ಸೆ ಅಳೆದು ತೋರಿಸಿದ್ದನ್ನು ಇವರು ಎಷ್ಟೋ ಶತಮಾನ ಮೊದಲೇ ಬಳಸಿದ್ದರು ಎಂದರೆ ಅತಿಶಯವಲ್ಲ. ಹೂವಿನ ವಿಷಯದಲ್ಲಿ 'ಕೋಲ್ಡ್ ಪ್ರೆಸ್' ಎಂಬ ಮಾತಿಗೆ ಅರ್ಥವಿರುವ ಒಂದೇ ಜಾಗ ಇದು. ಗಾಣದಿಂದ ಬರುವುದು ಸುವಾಸಿತ ಎಳ್ಳೆಣ್ಣೆ, ಸುಗಂಧ ತೈಲವಲ್ಲ ಎಂಬುದನ್ನು ಮರೆಯಬಾರದು ಅಷ್ಟೇ.

ಇತ್ಯರ್ಥವಾಗದೆ ಉಳಿದದ್ದು

'ನೈಸರ್ಗಿಕ' ಎಂಬುದರ ಗಡಿ ಎಲ್ಲಿ ಎಂಬ ಪ್ರಶ್ನೆ ಇನ್ನೂ ತೆರೆದಿದೆ. ಹುಳಿಯಲ್ಲಿ ಕುದಿದು ಹೊಸ ವಸ್ತುಗಳನ್ನು ಹುಟ್ಟಿಸಿಕೊಂಡ ಲೈಮ್ ಎಣ್ಣೆಯನ್ನು ಮಾನಕ ಸುಗಂಧ ತೈಲವೆಂದು ಒಪ್ಪುತ್ತದೆ, ಹೂವಿಗೆ ಹೆಚ್ಚು ನಿಷ್ಠವಾದ ಮಲ್ಲಿಗೆ ಆಬ್ಸಲ್ಯೂಟ್ ಅನ್ನು ಹೊರಗಿಡುತ್ತದೆ. ಹಿಂಡಿದ ಎಣ್ಣೆಯಿಂದ ಬಿಸಿಲಿಗೆ ಸುಡುವ ವಸ್ತುಗಳನ್ನು ತೆಗೆಯಲು ಅದನ್ನೇ ಮತ್ತೆ ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ ಮಾರುವುದೂ ಇದೆ. ಹಾಗೆ ಮಾಡಿದ ಮೇಲೆ ಅದನ್ನು ಯಾವ ಪಕ್ಷಕ್ಕೆ ಸೇರಿಸಬೇಕು?

ಕೀಟನಾಶಕದ ವಿಷಯದಲ್ಲೂ ಪೂರ್ತಿ ಒಮ್ಮತವಿಲ್ಲ. ಸಿಪ್ಪೆಯ ಮೇಣದಲ್ಲಿ ಕುಳಿತ ಔಷಧಿಯ ಅಂಶ ಹಿಂಡಿದ ಎಣ್ಣೆಗೆ ಸುಲಭವಾಗಿ ಇಳಿಯುತ್ತದೆ, ಹಬೆಯಲ್ಲಿ ಅದರ ಹೆಚ್ಚಿನ ಪಾಲು ಹಿಂದೆ ಉಳಿಯುತ್ತದೆ. ಔಷಧಿ ಕಾಣದ ಹಿತ್ತಿಲ ಹೇರಳೆಗೆ ಇದು ಅನುಕೂಲವಾಗಬೇಕು. ಆದರೆ ಹೇರಳೆ, ಕಂಚಿ ಎಂಬ ಹೆಸರುಗಳು ಊರಿಂದೂರಿಗೆ ಬೇರೆ ಬೇರೆ ಗಿಡಗಳಿಗೆ ಅಂಟಿಕೊಂಡಿವೆ; ಒಂದು ಊರಿನ ಎಣ್ಣೆಯ ಫಲಿತಾಂಶವನ್ನು ಪಕ್ಕದೂರಿಗೆ ಹಾಗೇ ಒಯ್ಯಲಾಗದು. ಒಣಗಿದ ಮೇಲೂ ತಿಂಗಳುಗಟ್ಟಲೆ ಘಮಘಮಿಸುವ ಸುರಗಿಯನ್ನು ಮಲ್ಲಿಗೆಯ ಜೊತೆ ಒಂದೇ ಸಾಲಿನಲ್ಲಿ ಕೂರಿಸುವುದೂ ಸರಿಯಾಗಲಾರದು. ಒಣಗಿದಾಗಲೂ ಉಳಿಯುವ ಪರಿಮಳ ಹಬೆಯನ್ನು ತಾಳಬಹುದು ಎಂಬುದು ಊಹೆ, ಅಳತೆ ಮಾಡಿ ನೋಡಬೇಕಾದ ಊಹೆ.

ಕೊನೆಯದು ಉಳಿಕೆ ಸಿಪ್ಪೆಯ ಪ್ರಶ್ನೆ. ಮಲೆನಾಡಿನ ಬಹಳ ಮನೆಗಳಲ್ಲಿ ಗೋಬರ್ ಗ್ಯಾಸ್ ಗುಂಡಿ ಇದೆ, ಸಿಪ್ಪೆಯನ್ನು ಅದಕ್ಕೆ ಸುರಿಯುವ ಮನಸ್ಸಾಗುವುದು ಸಹಜ. ಲಿಮೋನೀನ್ ಆ ಗುಂಡಿಯ ಸೂಕ್ಷ್ಮಜೀವಿಗಳಿಗೆ ವಿಷ. ಹಿಂಡಿದ ಸಿಪ್ಪೆಯಲ್ಲಿ ಎಣ್ಣೆ ಒಂದಷ್ಟು ಉಳಿದಿರುತ್ತದೆ, ಬಟ್ಟಿಯಿಂದ ಬಂದ ಸಿಪ್ಪೆಯಲ್ಲಿ ಬಹುತೇಕ ಹೋಗಿರುತ್ತದೆ. ಹಾಗಾದರೆ ಬಟ್ಟಿಯ ಸಿಪ್ಪೆಯೇ ಗುಂಡಿಗೆ ಲೇಸು ಎಂದು ತೋರುತ್ತದೆ, ಆದರೆ ಒಂದು ಬುಟ್ಟಿ ಸಗಣಿಗೆ ಎಷ್ಟು ಸಿಪ್ಪೆ ಬೆರೆಸಿದರೆ ಅನಿಲ ನಿಲ್ಲದೆ ಬರುತ್ತದೆ ಎಂಬುದು ಸಿಪ್ಪೆಯಲ್ಲಿ ಉಳಿದ ಎಣ್ಣೆ, ಗುಂಡಿಯ ಗಾತ್ರ, ಮಳೆಗಾಲದ ತಂಪು ಇವೆಲ್ಲದರ ಮೇಲೆ ನಿಂತಿದೆ. ಅದಕ್ಕೆ ಎಲ್ಲ ಮನೆಗೂ ಒಪ್ಪುವ ಒಂದು ಅಳತೆ ಇಲ್ಲ.